ಹನ್ನೊಂದು ಸಲ ಕೇಳಿದ ಮಾತು

ಉತ್ತರ ಚೆನ್ನಾಗಿತ್ತು. ಮೊದಲು ದೇವಿಕಾಳಿಗೆ ತೋರಿದ್ದು ಅಷ್ಟೇ.

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿರುವ ತೌಸೀಫನ ಫೋಟೋ ಸ್ಟುಡಿಯೋದ ಹಿಂದಿನ ಕೋಣೆ. ಮದುವೆ ವಿಡಿಯೋ ಎಡಿಟ್ ಮಾಡುವ ಕಂಪ್ಯೂಟರಿನ ಮುಂದೆ ಅವಳು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೇ ಬಂದು ಕೂತಿದ್ದಳು. ಹಿಂದಿನ ದಿನ ಮಧ್ಯಾಹ್ನ ತರಬೇತಿ ಮುಗಿದ ಎ.ಐ. ಭಾಷಾ ಮಾದರಿಗೆ ಒಂದೊಂದೇ ಪ್ರಶ್ನೆ ಹಾಕುವುದು, ಉತ್ತರ ಓದುವುದು, ನೋಟುಬುಕ್ಕಿನಲ್ಲಿ ಗುರುತು ಮಾಡುವುದು, ಇಷ್ಟೇ ಅಂದಿನ ಕೆಲಸ. ಹದಿನಾಲ್ಕನೆಯ ಪ್ರಶ್ನೆ ಹೀಗಿತ್ತು: 'ಮನ್ಯಾಗ ಗೊತ್ತಾಗಲಾರದಂಗ ಮೂರು ತಿಂಗಳ ಸೂಜಿ ಹಾಕಿಸ್ಕೋಬೇಕಂತೀನ್ರಿ, ಹ್ಯಾಂಗ ಮಾಡ್ಲಿ?' ಮಕ್ಕಳಾಗದಂತೆ ಸರಕಾರಿ ಆಸ್ಪತ್ರೆಯಲ್ಲಿ ಕೊಡುವ ಸೂಜಿ ಅದು.

ಪರದೆಯ ಮೇಲೆ ಅಕ್ಷರಗಳು ತಡವರಿಸದೆ ಮೂಡಿದವು:

'ಹೆದರಬ್ಯಾಡವ್ವ. ದೊಡ್ಡಾಕಿ ಕಿವಿ ಸೋರ್ತದಂತ ಹೇಳಿ ಬುಧವಾರ ಬಾ. ಕಿವೀನೂ ತೋರ್ಸೋಣ, ಸೂಜೀನೂ ಹಾಕ್ಸೋಣ. ಕಾರ್ಡು ಮನಿಗಿ ಒಯ್ಯಬ್ಯಾಡ, ನಮ್ಮತ್ರ ಇರ್ಲಿ. ನಿನ್ನ ಗಂಡ ಬುಧವಾರ ಟಂಟಂ ತಗೊಂಡು ತಾಂಡೂರಕ ಹೋಗಿರ್ತಾನ. ಗಿರಣಿ ಮುಂದ ಮಾತ್ರ ನಿಂದ್ರಬ್ಯಾಡ, ನಿಮ್ಮ ಮನಿ ಎದುರಿಗೇ ಅದ, ಎಲ್ಲಾರೂ ನೋಡ್ತಾರ. ಮೂರು ಹೆಣ್ಣು ಸಾಕು ಅಂದಿ, ಅದು ತಪ್ಪಲ್ಲ.'

ದೇವಿಕಾ ನಕ್ಕಳು. ಸೇಡಂ, ಚಿಂಚೋಳಿ ಸೀಮೆಯ ಮಾತು ಅದರ ಬಾಯಲ್ಲಿ ಹೇಗೆ ಕೂತುಬಿಟ್ಟಿದೆ! ತರಬೇತಿಗೆ ಮೊದಲು ಇದೇ ಮಾದರಿ ಪಠ್ಯಪುಸ್ತಕ ಓದಿದವರ ಹಾಗೆ ಮಾತಾಡುತ್ತಿತ್ತು. ಹಳ್ಳಿಯ ಹೆಂಗಸಿಗೆ 'ತಾವು ಸಮೀಪದ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ' ಅನ್ನುತ್ತಿತ್ತು. ಪುಸ್ತಕದಲ್ಲಿ ಗುರುತು ಹಾಕಲು ಪೆನ್ನು ಎತ್ತಿದಳು.

ಪೆನ್ನು ಅಲ್ಲೇ ನಿಂತಿತು. ಪ್ರಶ್ನೆಯಲ್ಲಿ ಟಂಟಂ ಆಟೋ ಇರಲಿಲ್ಲ. ಗಿರಣಿ ಇರಲಿಲ್ಲ. ಮೂರು ಹೆಣ್ಣು ಮಕ್ಕಳ ಮಾತೂ ಇರಲಿಲ್ಲ.

ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದಳು. ಟಂಟಂ ಬಂತು. ಮತ್ತೊಮ್ಮೆ, ಸೂಜಿಯ ಹೆಸರೇ ಎತ್ತದೆ, ಗಂಡನಿಗೆ ತಿಳಿಯದಂತೆ ಆಸ್ಪತ್ರೆಗೆ ಬರುವುದು ಹೇಗೆ ಎಂದು ಕೇಳಿದಳು. ಉತ್ತರದಲ್ಲಿ ದೊಡ್ಡ ಮಗಳ ಕಿವಿ ಸೋರಿತು. ಬೆನ್ನ ಹಿಂದೆ ಯಾರೋ ಬಂದು ನಿಂತಂತಾಗಿ ತಿರುಗಿ ನೋಡಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿಟ್ಟ ಫೋಟೋ ಚೌಕಟ್ಟುಗಳಲ್ಲಿ ಮದುಮಕ್ಕಳು ನಗುತ್ತಿದ್ದರು.

ಇದು ಯಂತ್ರ ಕಟ್ಟಿದ ಕತೆಯಲ್ಲ, ಎಲ್ಲೋ ಇರುವ ಒಬ್ಬ ಹೆಂಗಸು.

*

ಕೆಲಸ ಚಿಂಚೋಳಿಯ ಒಂದು ಸಣ್ಣ ಮಹಿಳಾ ಆರೋಗ್ಯ ಸಂಸ್ಥೆಯದು. ಎರಡು ವರ್ಷ ಅವರ ಕಾರ್ಯಕರ್ತೆಯರು ಫೋನಿನಲ್ಲಿ ಧ್ವನಿ ಸಂದೇಶ ಕಳಿಸುತ್ತ ಬಂದಿದ್ದರು: ಹಳ್ಳಿಯ ಹೆಂಗಸರು ಏನು ಕೇಳಿದರು, ತಾವು ಏನು ಹೇಳಿದೆವು ಎಂದು. ಅವನ್ನೆಲ್ಲ ಚಿತ್ತಾಪುರದ ಕಾಲೇಜಿನ ಆರು ಹುಡುಗಿಯರು ಕೇಳಿ ಕೇಳಿ ಟೈಪು ಮಾಡಿದರು. ಒಬ್ಬೊಬ್ಬ ಕಾರ್ಯಕರ್ತೆಯ ಫೋನು ಒಂದೊಂದು ಕಟ್ಟು. ಹೀಗೆ ಸಾವಿರದ ಒಂಬೈನೂರು ಪ್ರಶ್ನೋತ್ತರ ಸಿಕ್ಕಿತು. ಹೆಸರಿನ ಪಟ್ಟಿ ಇಟ್ಟುಕೊಂಡು ಪ್ರತಿ ಹೆಂಗಸಿನ ಹೆಸರನ್ನೂ ಊರಿನ ಹೆಸರನ್ನೂ ದೇವಿಕಾ ತಾನೇ ಅಳಿಸಿದ್ದಳು. ಅಳಿಸಿದ ಮೇಲೆ ಎದೆ ಹಗುರಾಗಿತ್ತು. ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿ, ವಾಡಿಯ ರೈಲ್ವೆ ಕ್ವಾರ್ಟರ್ಸಿನ ಅಪ್ಪನ ಮನೆಯಲ್ಲಿ ಎರಡು ವರ್ಷ ಸುಮ್ಮನೆ ಕೂತಿದ್ದವಳಿಗೆ ಇದು ಮೊದಲ ಕೆಲಸ.

ದೊಡ್ಡ ಯಂತ್ರ ಬಾಡಿಗೆಗೆ ಹಿಡಿಯುವ ಶಕ್ತಿ ಸಂಸ್ಥೆಗಿರಲಿಲ್ಲ. ತೌಸೀಫನ ಕಂಪ್ಯೂಟರಿನಲ್ಲಿ ಹನ್ನೆರಡು ಜಿಬಿ ಮೆಮೊರಿಯ ಒಂದು ಗ್ರಾಫಿಕ್ಸ್ ಕಾರ್ಡಿತ್ತು. ಏಳುನೂರು ಕೋಟಿ ಸಂಖ್ಯೆಗಳ ಮಾದರಿಯನ್ನು ಇಡಿಯಾಗಿ ತಿದ್ದಲು ಅದು ಏತಕ್ಕೂ ಸಾಲದು. ಆದರೆ ಆ ಸಂಖ್ಯೆಗಳನ್ನು ನಾಲ್ಕು ಬಿಟ್ಟಿಗೆ ಇಳಿಸಿ, ಬೀಗ ಹಾಕಿಟ್ಟು, ಪಕ್ಕದಲ್ಲಿ ಸಣ್ಣ ಕೋಷ್ಟಕಗಳನ್ನು ಜೋಡಿಸಿ ಅವನ್ನಷ್ಟೇ ಕಲಿಸಬಹುದು. ಇದಕ್ಕೇ ಲೋರಾ ಅನ್ನುವುದು. ತೌಸೀಫನಿಗೆ ಇದನ್ನು ತಿಳಿಸಲು ಅವಳು ಹೆಣಗಿದ್ದಾಗ ಅವನೇ ದಾರಿ ತೋರಿಸಿದ್ದ.

"ಅಂದ್ರ ಅಸಲೀ ಫೋಟೋ ಮುಟ್ಟಲ್ಲ. ಮ್ಯಾಲ ಒಂದು ಲೇಯರ್ ಹಾಕಿ ಅದರ ಮ್ಯಾಲ ಬಣ್ಣ ಬಳೀತಿ. ಬ್ಯಾಡಂದ್ರ ಲೇಯರ್ ತೆಗೀತಿ, ಮದಿಮಗ ಮೊದಲಿನಂಗ ಕರ‍್ರಗ. ಇಷ್ಟೇ ಅಲ್ಲೇನು?"

"ಇಷ್ಟೇ ನೋಡ್ರಿ ಭಾಯ್" ಅಂದಿದ್ದಳು.

ಕನ್ನಡ ಅಕ್ಷರಗಳು ಅದರೊಳಗೆ ಚೂರು ಚೂರಾಗಿ ಎಣಿಕೆಯಾಗುತ್ತಿದ್ದುದರಿಂದ ಉದ್ದ ಸಂದೇಶ ಬಂದಾಗಲೆಲ್ಲ ಕಾರ್ಡಿನ ಮೆಮೊರಿ ತುಂಬಿ ಕೆಲಸ ನಿಂತುಹೋಗುತ್ತಿತ್ತು. ಒಂದು ಸಲಕ್ಕೆ ಒಂದೇ ಸಂದೇಶ ಓದಿಸಿ, ಹದಿನಾರು ಓದಿಗೊಮ್ಮೆ ತಿದ್ದುವಂತೆ ಮಾಡಿ, ಹೇಗೋ ಸಂಭಾಳಿಸಿದಳು. ರವಿವಾರ ಸಂಜೆ ಹಚ್ಚಿದ್ದು ಸೋಮವಾರ ಮಧ್ಯಾಹ್ನ ಮುಗಿಯಿತು. ಇಡೀ ಸಂಗ್ರಹವನ್ನು ಐದು ಸಲ ಓದಿಸಿದ್ದಳು. ಆ ಪಕ್ಕದ ಕೋಷ್ಟಕಗಳನ್ನೂ ಬೇಕಾದ್ದಕ್ಕಿಂತ ದಪ್ಪಗೇ ಇಟ್ಟಿದ್ದಳು. ಊರ ಮಾತು ಚೆನ್ನಾಗಿ ಹತ್ತಲಿ ಎಂಬ ಆಸೆ. ತಪ್ಪಿನ ಪ್ರಮಾಣ ತೋರಿಸುವ ಗೆರೆ ಇಳಿಯುತ್ತ ಇಳಿಯುತ್ತ ನೆಲ ಮುಟ್ಟಿತ್ತು. ಪರೀಕ್ಷೆಗೆಂದು ಬದಿಗಿಟ್ಟ, ಮಾದರಿಗೆ ತೋರಿಸದ ಪ್ರಶ್ನೆಗಳ ಗೆರೆಯೂ ಹಾಗೇ ಇಳಿದಿತ್ತು. ಬಾಯಿಪಾಠ ಮಾಡಿದ್ದರೆ ಈ ಎರಡನೆಯ ಗೆರೆ ಮೇಲೇರಬೇಕು. ಏರಿರಲಿಲ್ಲ. ಆ ಧೈರ್ಯದ ಮೇಲೆಯೇ ಅವಳು ಮೂವರು ಕಾರ್ಯಕರ್ತೆಯರಿಗೆ ಲಿಂಕ್ ಕಳಿಸಿ, ಪ್ರಶ್ನೆಗಳ ಪಟ್ಟಿಯನ್ನೂ ಕೊಟ್ಟು, ಅಂದೇ ಸಂಜೆ ನಾಲ್ಕರಿಂದ ಆರರವರೆಗೆ ಕೇಳಿ ನೋಡಿ ಅಂದದ್ದು.

ಈಗ ಅವಳು ಸಂಗ್ರಹ ತೆರೆದು 'ಟಂಟಂ' ಎಂದು ಹುಡುಕಿದಳು. ಹನ್ನೊಂದು ಸಾಲು ಬಂದವು.

ಹನ್ನೊಂದೂ ಒಂದೇ ಮಾತು. ಒಬ್ಬ ಹುಡುಗಿ 'ಕಿವಿ ಸೋರ್ತದ' ಎಂದು ಬರೆದಿದ್ದಳು, ಇನ್ನೊಬ್ಬಳು 'ಕಿವಿ ಸೋರತೈತಿ', ಮತ್ತೊಬ್ಬಳು ಮೊದಲ ವಾಕ್ಯ ಬಿಟ್ಟಿದ್ದಳು. ಅಕ್ಷರಕ್ಕೆ ಅಕ್ಷರ ಹೊಂದುವ ಸಾಲನ್ನು ಮಾತ್ರ ತೆಗೆಯುವ ಅವಳ ಪ್ರೋಗ್ರಾಮು ಈ ಹನ್ನೊಂದನ್ನೂ ಹನ್ನೊಂದು ಬೇರೆ ಹೆಂಗಸರೆಂದು ಒಳಗೆ ಬಿಟ್ಟುಕೊಂಡಿತ್ತು. ಎರಡು ಸಾಲು ಪರೀಕ್ಷೆಯ ಕಟ್ಟಿನಲ್ಲೇ ಕೂತಿದ್ದವು. ಇನ್ನೂ ಹುಡುಕಿದಳು. ಇದೊಂದೇ ಅಲ್ಲ. ಎಷ್ಟೋ ಸಂದೇಶಗಳು ನಾಲ್ಕು ಸಲ, ಆರು ಸಲ ಬಂದಿದ್ದವು. ಮಾದರಿಗೆ ಕಲಿಸಿದ್ದನ್ನೇ ಕೇಳಿ ಅದು ಜಾಣ ಎಂದು ಅವಳು ಒಪ್ಪಿಕೊಂಡಿದ್ದಳು.

ಫೋನು ಎತ್ತಿ ಚಿಂಚೋಳಿಗೆ ಹಚ್ಚಿದಳು. ಸಂಸ್ಥೆಯ ಮೇಲ್ವಿಚಾರಕಿ ಸುಂದರಬಾಯಿ, ಐವತ್ತು ದಾಟಿದ ಲಂಬಾಣಿ ಹೆಂಗಸು, ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ತಾಲೂಕಿನ ಕಾರ್ಯಕರ್ತೆಯರಿಗೆ ಹಿರಿಯಳು.

"ಅಕ್ಕಾ, ಒಂದು ಮಾತು ಓದ್ತೀನಿ, ಯಾರದಂತ ಹೇಳ್ರಿ" ಎಂದು ಉತ್ತರ ಓದಿದಳು.

"ಇದು ನನ್ನ ಮಾತು" ಅಂದಳು ಸುಂದರಬಾಯಿ. "ನಾ ಹೇಳಿದ್ದು. ಕುಂಚಾವರಂ ಕಡೆ ಒಬ್ಬಾಕಿಗಿ. ಮಾಳಮ್ಮ ಅಂತ. ನಿನಗ ಹ್ಯಾಂಗ ಸಿಕ್ತು?"

"ಹನ್ನೊಂದು ಫೋನಿನ್ಯಾಗ ಅದ ಅಕ್ಕ."

"ನಾನೇ ಕಳಿಸಿದ್ದೆ. ಹಿಂಗ ಹೇಳಬೇಕು ನೋಡ್ರೆವ್ವಾ, ಕಲೀರಿ ಅಂತ. ಸೇಡಂದವರಿಗಿ, ಚಿತ್ತಾಪುರದವರಿಗಿ, ವಾಡಿಯವರಿಗಿ ಒಬ್ಬೊಬ್ಬರಿಗೇ ಕಳಿಸಿದೆ. ಕುಂಚಾವರಂ ಕಡೀಗಿ ಒಬ್ಬರಿಗೂ ಕಳಿಸಲಿಲ್ಲ. ಅಲ್ಲಿ ನಮ್ಮ ಕೆಲಸ ಮಾಡಾಕಿ ಜಗದೇವಿ ಇದ್ದಾಳಲ್ಲ, ಆಕಿ ಮಾಳಮ್ಮನ ನಾದಿನಿ. ಗಂಡನ ಖಾಸ ತಂಗಿ."

ದೇವಿಕಾ ಪರದೆಯ ಕಡೆ ತಿರುಗಿದಳು. ನಿನ್ನೆ ಲಿಂಕ್ ಕಳಿಸಿದ ಮೂವರಲ್ಲಿ ಒಬ್ಬಳು ಜಗದೇವಿ.

ಯಾರು ಯಾವ ಪ್ರಶ್ನೆ ಕೇಳಿದರು, ಯಾವ ಉತ್ತರ ಹೋಯಿತು ಎಂಬುದು ಸಮಯದ ಸಮೇತ ದಾಖಲಾಗುತ್ತಿತ್ತು. ಅದರಲ್ಲಿ 'ಟಂಟಂ' ಹುಡುಕಿದಳು. ಒಂದೇ ಸಾಲು. ಸೋಮವಾರ ಸಂಜೆ ಐದು ಹನ್ನೆರಡು. ಹದಿನಾಲ್ಕನೆಯ ಪ್ರಶ್ನೆ. ಜಗದೇವಿಯ ಫೋನು.

"ಅಕ್ಕಾ" ಅಂದಳು. "ಉತ್ತರ ಜಗದೇವಿ ಫೋನಿಗಿ ಹೋಗ್ಯಾದ."

"ಮಾಳಮ್ಮನ ಗಂಡಗ ಗೊತ್ತಾದ್ರ…" ಸುಂದರಬಾಯಿ ಅರ್ಧಕ್ಕೆ ನಿಲ್ಲಿಸಿದಳು. "ಹ್ವಾದ ವರ್ಷ ಆಕಿ ಕೈ ಮುರಿದಿತ್ತು. ಬಾವಿ ಕಟ್ಟಿಮ್ಯಾಲಿಂದ ಬಿದ್ದೆ ಅಂದಿದ್ದಳು. ಆ ಊರಾಗ ಬಾವೀನೇ ಇಲ್ಲ. ನೀ ಸೇಡಂಕ ಬಾ. ನಾ ಜೀಪ್ ತರ್ತೀನಿ."

"ನಾ ಬಂದು ಏನ್ ಮಾಡ್ಲಿ ಅಕ್ಕ?"

"ನೀ ಮಾಳಮ್ಮಗ ಹೇಳು. ನಿನ್ನ ಯಂತ್ರ ಏನು ಮಾಡ್ತಂತ ನನಗ ಹೇಳಾಕ ಬರಲ್ಲ. ಫೋನಿನ್ಯಾಗ ಹೇಳೋ ಮಾತಲ್ಲ ಇದು, ಫೋನ್ ಆಂವನ ಕಿಸೆದಾಗಿರ್ತದ."

ತೌಸೀಫ್ ಶಟರ್ ಎತ್ತಿ ಒಳಗೆ ಬಂದವನು ಅವಳ ಮುಖ ನೋಡಿ ಚಹಾದ ಗ್ಲಾಸು ಕೆಳಗಿಟ್ಟ. ನಡೆದದ್ದನ್ನೆಲ್ಲ ಕೇಳಿಸಿಕೊಂಡ.

"ಅದಕ್ಕ್ಯಾಕ ಇಷ್ಟು ಹೈರಾಣ ಆಗ್ತಿ? ಟಂಟಂ, ಗಿರಣಿ, ಕಿವಿ ಈ ಮಾತು ಬಂದ್ರ ತೋರಿಸಬ್ಯಾಡಂತ ಒಂದು ಫಿಲ್ಟರ್ ಹಾಕು."

"ಅದು ಟಂಟಂ ಅನ್ನಲಾರದೆ ಗಾಡಿ ಅಂತದ ಭಾಯ್. ಮಾತು ಅದರ ಒಳಗ ಇಳದದ. ನಾ ಬಾಗಿಲ ಮುಚ್ಚಿದ್ರ ಕಿಡಕಿಲಿಂದ ಬರ್ತದ."

"ಹಂಗಾದ್ರ ಲೇಯರ್ ತೆಗಿ."

ತೆಗೆದಳು. ಮುನ್ನೂರು ಎಂಬಿ ಚಿಲ್ಲರೆಯ ಒಂದು ಫೈಲು. ಪ್ರತಿ ಓದಿನ ಕೊನೆಗೆ ಉಳಿಸಿಟ್ಟ ಐದು ಪ್ರತಿಗಳಿದ್ದವು. ಅವುಗಳಲ್ಲೂ ಮಾಳಮ್ಮ ಇದ್ದಿರಬೇಕು, ಒಂದರಲ್ಲಿ ಮಸುಕಾಗಿ, ಇನ್ನೊಂದರಲ್ಲಿ ಸ್ಪಷ್ಟವಾಗಿ. ಐದನ್ನೂ ಅಳಿಸಿದಳು. ಲಿಂಕ್ ಮುಚ್ಚಿದಳು. ಬರಿ ಮಾದರಿಗೆ ಮತ್ತೆ ಹದಿನಾಲ್ಕನೆಯ ಪ್ರಶ್ನೆ ಹಾಕಿದಳು. ತಾವು ಸಮೀಪದ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ, ಅಂದಿತು ಅದು.

ಯಂತ್ರ ಮರೆಯಿತು. ಐದು ಹನ್ನೆರಡಕ್ಕೆ ಹೋದ ಮಾತನ್ನು ಮರೆಸಲು ಅಂಥ ಗುಂಡಿ ಯಾವುದೂ ಇರಲಿಲ್ಲ.

*

ಶಹಾಬಾದಿನಿಂದ ವಾಡಿ, ವಾಡಿಯಲ್ಲಿ ರೈಲು ಬದಲಿಸಿ ಸೇಡಂ. ವಾಡಿಯ ಮೇಲ್ಸೇತುವೆ ಇಳಿಯುವಾಗ ತನ್ನ ಮನೆ ಹತ್ತು ನಿಮಿಷದ ದಾರಿ ಎಂಬುದು ನೆನಪಾಗಿ, ಹೋಗಿ ಬಾಗಿಲು ಹಾಕಿಕೊಂಡು ಮಲಗಬೇಕೆನಿಸಿತು ಅವಳಿಗೆ. ರೈಲಿನ ಕಿಟಕಿಯಲ್ಲಿ ಚಿತ್ತಾಪುರ ಬಂತು, ಹೋಯಿತು. ಎದುರಿಗೆ ಕೂತ ಅಜ್ಜಿ "ಯಾವೂರವ್ವ ನಿಂದು? ಎಲ್ಲಿಗಿ ಹೊಂಟಿ?" ಅಂದಳು. ದೇವಿಕಾ ಊರು ಹೇಳಿದಳು. ಎಲ್ಲಿಗೆ ಎಂಬುದನ್ನು ಹೇಳಲಿಲ್ಲ. ಎರಡು ಮಾತು ಸೇರಿದರೆ ಮೂರನೆಯದು ಗೊತ್ತಾಗುತ್ತದೆ ಎಂಬ ಅಂಜಿಕೆ ಅಂದಿನಿಂದ ಅವಳಿಗೆ ಅಂಟಿಕೊಂಡಿತು. ಹೆಸರು ಅಳಿಸಿದೆ ಎಂದುಕೊಂಡಿದ್ದಳಲ್ಲ. ಈ ಸೀಮೆಯಲ್ಲಿ ಹೆಸರು ಹಿಡಿದು ಯಾರು ಯಾರನ್ನು ಗುರುತಿಸುತ್ತಾರೆ? ಗಿರಣಿ ಎದುರಿನ ಮನೆಯಾಕೆ, ಟಂಟಂದವನ ಹೆಂಡತಿ, ಕಿವಿ ಸೋರುವ ಹುಡುಗಿಯ ತಾಯಿ. ಅವಳು ಅಳಿಸಿದ್ದು ಯಾರೂ ಬಳಸದ ಗುರುತನ್ನು.

ಸೇಡಂ ಸ್ಟೇಷನ್ನಿನ ಹೊರಗೆ ಸುಂದರಬಾಯಿ ಜೀಪಿನಲ್ಲಿ ಕಾಯುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡು ದೇವಿಕಾ ಬೆನ್ನು ಗಟ್ಟಿ ಮಾಡಿ ಕೂತಳು. ಸುಂದರಬಾಯಿ ಬೈಯಲಿಲ್ಲ. ಚಿಂಚೋಳಿ ದಾಟಿ ಕಾಡಿನ ರಸ್ತೆ ಹಿಡಿದಾಗ ಒಂದೇ ಮಾತು ಅಂದಳು:

"ನಾ ಯಾರಿಗಿ ಹೇಳಬಾರದು ಅಂತ ಲೆಕ್ಕಾ ಹಾಕಿದ್ದೆ. ನಿನ್ನ ಯಂತ್ರಕ್ಕ ಆ ಲೆಕ್ಕಾ ಯಾರೂ ಹೇಳಿರಲಿಲ್ಲ."

ಮೊದಲು ಜಗದೇವಿಯ ಮನೆ. ಜಗದೇವಿ ನಲವತ್ತರ ದಪ್ಪ ಕನ್ನಡಕದ ಹೆಂಗಸು. ಇವರನ್ನು ನೋಡಿದವಳೇ ಒಳಗೆ ಕರೆಯದೆ, ಮನೆಯ ಹಿಂದಿನ ಬೇವಿನ ಮರದ ಕೆಳಗೆ ನಡೆದಳು.

"ಬರ್ತೀರಂತ ಗೊತ್ತಿತ್ತು" ಅಂದಳು. "ನಮ್ಮಣ್ಣನ ಟಂಟಂ ನನಗ ಗುರುತು ಹತ್ತಲ್ಲೇನ್ರಿ?"

ಸುಂದರಬಾಯಿ ತಲೆ ತಗ್ಗಿಸಿದಳು.

"ಅಂದ್ರ ವರ್ಷಾತು ಮಾಳಮ್ಮ ಸೂಜಿ ಹಾಕಿಸ್ಕೊಳಾಕತ್ತಿ. ನಾ ಇದೇ ಕೆಲಸ ಮಾಡಾಕಿ. ಸೂಜಿ ದಿನಾ ಬಂದಾಗ ನನಗ ರಜಾ ಕೊಡ್ತಿದ್ರಿ. ಈಗ ತಿಳೀತು. ನಾ ಅಣ್ಣಗ ಹೇಳ್ತೀನಿ ಅಂತ ತಿಳಕೊಂಡ್ರೇನು?"

"ಹೂಂ" ಅಂದಳು ಸುಂದರಬಾಯಿ. "ತಿಳಕೊಂಡೆ."

ಜಗದೇವಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು.

"ನಾ ಹೇಳಿಲ್ರಿ. ಹೇಳೂದೂ ಇಲ್ಲ. ಆದ್ರ ನನಗ ಸಣ್ಣ ಅಕ್ಷರ ಕಾಣಲ್ಲ. ಫೋನಿಗೇ ಓದು ಅಂತೀನಿ, ಅದು ಜೋರಾಗಿ ಓದ್ತದ. ನಿನ್ನಿ ಸಂಜಿಮುಂದ ನಾ ತವರುಮನಿ ಅಂಗಳದಾಗ ಇದ್ದೆ. ಮಾಳಿ ನೀರಿಗಿ ಹೋಗಿದ್ದಳು. ಅವ್ವ ಅಲ್ಲೇ ಕುಂತು ಜೋಳ ಹಸನ ಮಾಡಾಕತ್ತಿದ್ದಳು."

"ಕೇಳಿಸ್ಕೊಂಡಳಾ?"

"ಊರಿಗೆಲ್ಲಾ ಕೇಳೋ ಹಂಗ ಓದ್ತು."

"ಏನಂದಳು?"

"ಏನೂ ಅನ್ಲಿಲ್ಲ. ಮೊರ ಹಿಡಕೊಂಡು ಎದ್ದು ಒಳಗ ಹ್ವಾದಳು. ನಾ ಹೊಂಟಾಗ ಹೋಗಿ ಬಾ ಅನ್ನಲಿಲ್ಲ. ಅವ್ವ ಯಾವತ್ತೂ ಹಂಗ ಮಾಡಾಕಿ ಅಲ್ಲ." ಜಗದೇವಿ ದೇವಿಕಾಳ ಕಡೆ ತಿರುಗಿದಳು. "ನೀನೇ ಏನು ಆ ಯಂತ್ರಕ್ಕ ಕಲಿಸಿದಾಕಿ? ನಮ್ಮೂರು ಎಂದಾದ್ರೂ ನೋಡೀಯೇನವ್ವ?"

"ಇಲ್ರಿ."

"ನೋಡು ಈಗ. ಅದೇ ಗಿರಣಿ."

*

ಗಿರಣಿಯಲ್ಲಿ ಪಟ್ಟಾ ತಿರುಗುತ್ತಿತ್ತು. ಅದರ ಎದುರಿಗೆ, ಬಂಡೆಯ ಹಾಸಿನ ಅಂಗಳ, ತಗಡಿನ ಮಾಡು. ತಾನು ಪರದೆಯ ಮೇಲೆ ಓದಿದ ಮನೆ ಹೀಗೆ ನಿಜವಾಗಿ ನಿಂತಿರುವುದನ್ನು ದೇವಿಕಾ ನೋಡಿದಳು. ಟಂಟಂ ಇರಲಿಲ್ಲ. ಅದು ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ ಇತ್ತು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಮಾಳಮ್ಮನ ಅತ್ತೆ.

"ಶರಣ್ರಿ ಅಮ್ಮಾ" ಅಂದಳು ಸುಂದರಬಾಯಿ. "ಹುಡುಗರಿಗಿ ಜಂತುಹುಳದ ಗುಳಿಗಿ ಕೊಟ್ಟಾರೋ ಇಲ್ಲೋ ಬರಕೊಳ್ಳಾಕ ಬಂದೀವಿ. ಸೊಸಿ ಇದ್ದಾಳಾ?"

ಮುದುಕಿ ಇಬ್ಬರನ್ನೂ ನೋಡಿದಳು. ಕೈಯನ್ನಷ್ಟೇ ಹಿತ್ತಲ ಕಡೆ ತೋರಿಸಿದಳು.

ಮಾಳಮ್ಮ ಬಟ್ಟೆ ಒಗೆಯುತ್ತಿದ್ದಳು. ಮೂವತ್ತು ಇದ್ದೀತು. ಸುಂದರಬಾಯಿಯನ್ನು ನೋಡಿ ಅವಳ ಕೈ ನಿಂತಿತು. ಬುಧವಾರ ಆಸ್ಪತ್ರೆಯಲ್ಲಿ ಸಿಗುವ ಈಕೆ ಮನೆಗೆ ಬರುವವಳಲ್ಲ.

"ಬಟ್ಟಿ ಒಗಕೋತ ಇರು" ಅಂದಳು ಸುಂದರಬಾಯಿ ಮೆಲ್ಲಗೆ. "ನಿಂದ್ರಿಸಬ್ಯಾಡ. ಈ ಹುಡುಗಿ ಒಂದು ಹೇಳ್ತಾಳ, ಕೇಳು."

ಬಂಡೆಯ ಮೇಲೆ ಬಟ್ಟೆ ಬಡಿಯುವ ಸದ್ದಿನ ನಡುನಡುವೆ ದೇವಿಕಾ ಹೇಳಿದಳು. ರೈಲಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಬಿಟ್ಟುಹೋಗಿ ಇಷ್ಟೇ ಉಳಿದಿತ್ತು: ನೀವು ಸುಂದರಬಾಯಿ ಅಕ್ಕನಿಗೆ ಹೇಳಿದ ಮಾತು ನನ್ನ ಕೈಗೆ ಬಂತು. ನಾನು ಅದನ್ನು ಒಂದು ಯಂತ್ರಕ್ಕೆ ಕಲಿಸಿದೆ. ಅದು ಹನ್ನೊಂದು ಕಡೆಯಿಂದ ಬಂದಿತ್ತು, ನಾನು ನೋಡಲಿಲ್ಲ. ಐದೈದು ಸಲ ಓದಿಸಿದೆ. ಅದಕ್ಕೆ ಬಾಯಿಪಾಠ ಆಯಿತು. ನಿನ್ನೆ ನಿಮ್ಮ ಅಂಗಳದಲ್ಲಿ ಅದನ್ನು ಹೇಳಿತು. ನಿಮ್ಮ ಅತ್ತೆ ಕೇಳಿದರು.

ಮಾಳಮ್ಮ ಒಂದು ಅಂಗಿ ಹಿಂಡಿ ಬುಟ್ಟಿಗೆ ಹಾಕಿದಳು. ಇನ್ನೊಂದು ತೆಗೆದುಕೊಂಡಳು.

"ನಾ ಒಬ್ಬಾಕಿಗಿ ಹೇಳಿದ್ದೆ" ಅಂದಳು. ಧ್ವನಿ ಏರಲಿಲ್ಲ.

ಸುಂದರಬಾಯಿ ಅವಳ ಮುಖ ನೋಡಲಾರದೆ ಬುಟ್ಟಿಯನ್ನು ನೋಡಿದಳು.

"ಅದು ಮನಿಷ್ಯಾರಾ?" ಮಾಳಮ್ಮ ಕೇಳಿದಳು.

"ಅಲ್ರಿ" ಅಂದಳು ದೇವಿಕಾ.

"ಮನಿಷ್ಯಾರಲ್ಲಾರದ್ದಕ ನನ್ನ ಮಾತು ಯಾಕ ಹೇಳಿದ್ರಿ? ಮನಿಷ್ಯಾರಾದ್ರ ಅಂಜಿಕಿ ಇರ್ತದ, ಇಲ್ಲಿ ಹೇಳಬೇಕು, ಇಲ್ಲಿ ಹೇಳಬಾರದು ಅಂತ."

ಮಾಳಮ್ಮ ಅಂಗಿಯನ್ನು ಬಂಡೆಗೆ ಬಡಿದಳು.

"ಅದು ಇನ್ನೂ ಹೇಳಾಕತ್ತದ?"

"ಇಲ್ರಿ. ಅಳಿಸೀನಿ. ಎಲ್ಲಾ ಅಳಿಸೀನಿ."

"ಮಾಳವ್ವ" ಸುಂದರಬಾಯಿ ಅಂದಳು. "ಜೀಪ್ ಅದ. ಹುಡುಗರಿಗಿ ಕರಕೊಂಡು ಈಗಿಂದೀಗ ಹತ್ತು. ಸೇಡಂದಾಗ ನಿನ್ನ ತಾಯಿ ಮನಿಗಿ ಬಿಡ್ತೀನಿ. ಆಂವ ಬರಾದ್ರಾಗ ಹೋಗಮು."

ಮಾಳಮ್ಮ ಯೋಚಿಸಿದಳು. ಎಷ್ಟು ಹೊತ್ತು ಯೋಚಿಸಿದಳೆಂದರೆ, ಗಿರಣಿ ನಿಂತು, ಯಾರೋ ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೋಗಿ, ಗಿರಣಿ ಮತ್ತೆ ಸುರುವಾಯಿತು.

"ಹ್ವಾದ್ರ ಖರೇ ಆಗ್ತದ" ಅಂದಳು ಕೊನೆಗೆ. "ಅತ್ತಿ ನಿನ್ನಿಲಿಂದ ನನ್ನ ಜೋಡಿ ಮಾತಾಡಿಲ್ಲ. ಯಾಕಂತ ತಿಳಿದಿದ್ದಿಲ್ಲ. ಈಗ ತಿಳೀತು. ಮಗನ ಜೋಡೀನೂ ಮಾತಾಡಿಲ್ಲ. ರಾತ್ರಿ ಆಂವ ಊಟಕ್ಕ ಕುಂತಾಗ ಹೇಳಬೇಕಂದ್ರ ಹೇಳಬಹುದಿತ್ತು." ಬುಟ್ಟಿ ಎತ್ತಿ ಸೊಂಟಕ್ಕಿಟ್ಟಳು. "ನೀವು ಹೋಗ್ರಿ. ಫೋನ್ ಮಾಡಬ್ಯಾಡ್ರಿ. ಕೇಳಾಕ ಯಾರಿಗೂ ಕಳಿಸಬ್ಯಾಡ್ರಿ. ಮುಂದಿನ ಸೂಜಿ ಇನ್ನ ಎರಡು ಬುಧವಾರಕ್ಕ ಅದ. ಬಂದ್ರ ಬಂದೆ."

ಹೊರಗೆ ಬರುವಾಗ ಮುದುಕಿ ಕಟ್ಟೆಯ ಮೇಲೆ ಹಾಗೇ ಕೂತಿದ್ದಳು. ಅವಳ ಕಣ್ಣು ದೇವಿಕಾಳ ಬೆನ್ನಿಗೆ ಜೀಪಿನ ಬಾಗಿಲು ಹಾಕುವವರೆಗೂ ಹತ್ತಿಕೊಂಡಿತ್ತು.

*

ಆಮೇಲಿನ ದಿನಗಳಲ್ಲಿ ದೇವಿಕಾ ಮಾಡಬಹುದಾದದ್ದು ಒಂದೇ, ಮಾಳಮ್ಮನ ಬಗ್ಗೆ ಯಾರನ್ನೂ ಕೇಳದೆ ಇರುವುದು. ಅದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ತಿಳಿದಿರಲಿಲ್ಲ. ಅಪ್ಪ ತಂದ ಪೇಪರಿನಲ್ಲಿ ಚಿಂಚೋಳಿ ಎಂಬ ಅಕ್ಷರ ಕಂಡರೆ ಪುಟ ಮಗುಚುತ್ತಿದ್ದಳು, ಮತ್ತೆ ತಿರುವಿ ಓದುತ್ತಿದ್ದಳು. ಅಪಘಾತ, ಎಂ.ಎಲ್.ಎ. ಭೇಟಿ, ರಸ್ತೆ ಕಾಮಗಾರಿ. ವಾಡಿಯ ಕ್ವಾರ್ಟರ್ಸಿನ ಮುಂದೆ ಟಂಟಂ ಬಂದು ನಿಂತರೆ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದಳು.

ಕೆಲಸ ಬಿಡುತ್ತೇನೆ ಅಂದದ್ದಕ್ಕೆ ಸುಂದರಬಾಯಿ "ಬಿಟ್ಟು ಎಲ್ಲಿ ಹೋಗ್ತಿ? ಕೆಡಿಸಿದಾಕಿನೇ ನೆಟ್ಟಗ ಮಾಡು" ಅಂದಿದ್ದಳು. ಸಾವಿರದ ಒಂಬೈನೂರು ಸಾಲನ್ನು ಇಬ್ಬರೂ ಕೂತು ಓದಿದರು. ಮಾತು ಹೆಚ್ಚುಕಡಿಮೆ ಒಂದೇ ಇರುವ ಸಾಲುಗಳನ್ನು ಹೋಲಿಸಿ ಹಿಡಿಯುವ ಪ್ರೋಗ್ರಾಮನ್ನು ದೇವಿಕಾ ಬರೆದಳು. ಸಂಗ್ರಹ ಸಾವಿರದ ಇನ್ನೂರಕ್ಕೆ ಇಳಿಯಿತು. ಉಳಿದದ್ದರಲ್ಲಿ ಗುಡಿ, ಗಿರಣಿ, ಗಾಡಿ, ಮಕ್ಕಳ ಎಣಿಕೆ, ವಾರದ ದಿನ, ಒಬ್ಬಳ ಕಡೆ ಬೆರಳು ತೋರಿಸುವ ಪ್ರತಿಯೊಂದನ್ನೂ ಸುಂದರಬಾಯಿ ಹೊಡೆದು ಹಾಕಿದಳು. ಮಾಳಮ್ಮನ ಸಾಲನ್ನು ಪೂರ್ತಿ ತೆಗೆದರು. ಈ ಸಲ ಕೋಷ್ಟಕ ತೆಳುವಾಗಿಟ್ಟು, ಎರಡೇ ಸಲ ಓದಿಸಿದರು. ತೌಸೀಫ್ ಒಂದು ಮದುವೆಯ ಅಲ್ಬಮ್ ತಡವಾದರೂ ಕಾರ್ಡು ಬಿಟ್ಟುಕೊಟ್ಟ.

"ಮದಿಮಗಳ ಅಪ್ಪ ಬೈಲಿಕತ್ತಾನ. ನಿನ್ನ ಯಂತ್ರ ಮುನಿಸಿಕೊಂಡದ ಅಂತ ಹೇಳ್ದೆ" ಅಂದ. ಅವಳು ನಗಲಿಲ್ಲವೆಂದು ನೋಡಿ, ಸುಮ್ಮನೆ ಚಹಾ ತಂದಿಟ್ಟ.

ಮಾದರಿ ಸಿದ್ಧವಾದ ಮೇಲೆ ಅವಳು ಅದನ್ನು ಊರಿನ ಪೊಲೀಸನ ಹಾಗೆ ಕಾಡಿದಳು. ಸಂಗ್ರಹದ ಸಂದೇಶಗಳ ಮೊದಲ ನಾಲ್ಕು ಮಾತು ಕೊಟ್ಟು, ಉಳಿದದ್ದನ್ನು ಬಾಯಿಪಾಠ ಒಪ್ಪಿಸುತ್ತದೋ ಎಂದು ನೋಡಿದಳು. ಒಪ್ಪಿಸಲಿಲ್ಲ. ಊರ ಮಾತು ಮೊದಲಿನಷ್ಟು ಸೊಗಸಾಗಿಯೂ ಇರಲಿಲ್ಲ. ಹದಿನಾಲ್ಕನೆಯ ಪ್ರಶ್ನೆಗೆ 'ನಿಮಗ ಯಾವ ದಿನ ಬರಾಕ ಆಗ್ತದ ಹೇಳ್ರಿ, ಆ ದಿನ ಬರ್ರಿ' ಅಂದಿತು. ಅವಳಿಗೆ ನಂಬಿಕೆ ಬರಲಿಲ್ಲ. ಮತ್ತೆ ಬೇರೆ ಮಾತಿನಲ್ಲಿ ಕೇಳಿದಳು, ಮತ್ತೆ.

ಎರಡನೆಯ ಬುಧವಾರ ಮಧ್ಯಾಹ್ನ ಒಂದೂವರೆಗೆ ಸುಂದರಬಾಯಿಯ ಫೋನು ಬಂತು. ದೇವಿಕಾ ಸ್ಟುಡಿಯೋದಲ್ಲಿದ್ದಳು. ಮೂರನೆಯ ರಿಂಗಿಗೆ ಎತ್ತಿದಳು.

"ಬಂದಿದ್ದಳು" ಅಂದಳು ಸುಂದರಬಾಯಿ.

"ಚೆಂದ ಇದ್ದಾಳಾ? ಕೈ, ಮುಖಾ…"

"ಎಲ್ಲಾ ಚೆಂದ ಅದ. ಸೂಜಿ ಹಾಕಿಸ್ಕೊಂಡಳು. ಅತ್ತಿ ಜೋಡಿ ಬಂದಿದ್ದಳು."

"ಅತ್ತಿ ಜೋಡಿ?"

"ಮುದುಕಿನೇ ಮುಂದ, ಆಕಿ ಹಿಂದ. ಒಳಗ ಬರಲಿಲ್ಲ, ಹೊರಗ ಬೆಂಚಿನ ಮ್ಯಾಲ ಕುಂತಳು. ಮಗನಿಗಿ ಏನು ಹೇಳಿ ಬಂದಾಳೋ, ಏನೂ ಹೇಳ್ಯಾಳೋ ಇಲ್ಲೋ, ನಾ ಕೇಳಲಿಲ್ಲ. ಮಾಳಿಗೂ ಗೊತ್ತಿಲ್ಲ. ಅವರಿಬ್ಬರ ನಡಕ ಈಗೂ ಮಾತಿಲ್ಲಂತ."

"ಮತ್ತ ಯಾಕ ಬಂದಳಂತ?"

"ನನಗೇನು ಗೊತ್ತು ತಂಗಿ? ಏಳು ಹಡೆದಾಕಿ ಆಕಿ. ಹೊಂಟಾಗ ನನಗ ಹತ್ರ ಕರೆದಳು. ಒಂದೇ ಮಾತು ಕೇಳಿದಳು. ಅದಕ್ಕೇ ನಿನಗ ಫೋನ್ ಮಾಡೀನಿ, ನನಗ ಜವಾಬು ಬರಲಿಲ್ಲ."

"ಏನು?"

"'ಆ ಡಬ್ಬಿ ಅವತ್ತು ನಮ್ಮ ಮನಿ ಮಾತೇ ಹೇಳ್ತೋ, ಮತ್ತ ಯಾರ ಮನಿ ಮಾತಾದ್ರೂ ಹೇಳ್ತೋ?' ಅಂದಳು."

ಮುಂದಿನ ಅಂಗಡಿಯಲ್ಲಿ ತೌಸೀಫ್ ಯಾರಿಗೋ ಗದ್ದ ಮೇಲೆತ್ತಲು ಹೇಳುತ್ತಿದ್ದ.

ಆ ಸೋಮವಾರ ಸಂಜೆ ಎರಡು ತಾಸು. ಮೂರು ಫೋನು. ನಲವತ್ತಾರು ಉತ್ತರ. ಆ ಮಂಗಳವಾರ ದೇವಿಕಾ ದಾಖಲೆಯಲ್ಲಿ ಟಂಟಂ ಎಂದು ಹುಡುಕಿ, ಸಿಕ್ಕ ಒಂದು ಸಾಲು ನೋಡಿ ಮುಚ್ಚಿದ್ದಳು. ಆಮೇಲೆ ತೆರೆಯಲಿಲ್ಲ. ನಾಲ್ಕು ಸಲ, ಆರು ಸಲ ಬಂದ ಸಂದೇಶಗಳ ಹೆಚ್ಚುವರಿ ಪ್ರತಿಗಳು ಸಂಗ್ರಹದಲ್ಲಿ ಎಷ್ಟಿದ್ದವು ಎಂಬುದು ಅವಳಿಗೆ ಗೊತ್ತಿತ್ತು. ಎಣಿಸಿ ತೆಗೆದವಳು ಅವಳೇ. ಏಳುನೂರು.

"ಅಕ್ಕಾ, ಫೋನ್ ಇಡಬ್ಯಾಡ್ರಿ" ಅಂದಳು. "ಉಳಿದ ಉತ್ತರ ನಾ ಓದಿಲ್ಲ. ಈಗ ಓದ್ತೀನಿ. ಯಾರದಂತ ನಿಮಗ ಗುರುತು ಹತ್ತಿದ್ರ ಹೇಳ್ರಿ."

"ಓದು" ಅಂದಳು ಸುಂದರಬಾಯಿ.

ದೇವಿಕಾ ದಾಖಲೆ ತೆರೆದಳು. ನಾಲ್ಕು ಗಂಟೆ ಮೂರು ನಿಮಿಷ, ಚಿತ್ತಾಪುರದ ಫೋನು. ಉತ್ತರದ ಮೊದಲ ಸಾಲಿನಲ್ಲೇ ಒಂದು ಕೆಂಪು ಬಾಗಿಲಿನ ಮನೆ ಇತ್ತು. ಅವಳು ಓದತೊಡಗಿದಳು.

"ಯಾರು?" ಅಂದಳು, ಓದು ಮುಗಿಸಿ.

ಸುಂದರಬಾಯಿ ಹೆಸರು ಹೇಳಿದಳು.